ಹಮ್ಜ ನಿಂತ ಕಡೆ ಅನುಮಾನ

ಅರಬ್ಬಿ ಕಲಿಯಲು ಶುರು ಮಾಡಿದವರಿಗೆ ಮೊದಲ ವಾರವೇ ಸಿಗುವ ಪಾಠವೊಂದಿದೆ: ವಾಕ್ಯದ ಮುಂದೆ ‘ಹಲ್’ ಇಡಿ, ಇಲ್ಲವೇ ‘ಅ’ ಇಡಿ, ಪ್ರಶ್ನೆಯಾಯಿತು, ಎರಡೂ ಒಂದೇ. ಈ ‘ಅ’ಕಾರಕ್ಕೇ ಹಮ್ಜ ಎಂದು ಹೆಸರು. ಎರಡೂ ಒಂದೇ ಎನ್ನುವ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಸಾವಿರ ವರ್ಷದಿಂದ ಅರಬ್ಬಿ ವ್ಯಾಕರಣಕಾರರು ತಲೆ ಕೆಡಿಸಿಕೊಂಡು ಬಿಡಿಸಿಟ್ಟ ವ್ಯತ್ಯಾಸವನ್ನು ಒಂದೇ ಸಾಲಿನಲ್ಲಿ ಒರೆಸಿಹಾಕುವುದು ಯಾವ ನ್ಯಾಯ?

ಅವರ ಲೆಕ್ಕದಲ್ಲಿ ಪ್ರಶ್ನೆಗಳು ಎರಡು ಬಗೆ. ಒಂದು, ಸಂಗತಿ ನಡೆಯಿತೋ ಇಲ್ಲವೋ ಎಂದು ಕೇಳುವುದು, ಇದು ತಸ್ದೀಖ್. ಇನ್ನೊಂದು, ನಡೆದದ್ದು ಗೊತ್ತಿದೆ, ಅದರಲ್ಲೊಂದು ಜಾಗ ಖಾಲಿಯಿದೆ, ತುಂಬಿಸು ಎಂದು ಕೇಳುವುದು, ಇದು ತಸವ್ವುರ್. ‘ಮನ್’ (ಯಾರು), ‘ಮತಾ’ (ಯಾವಾಗ), ‘ಐನ’ (ಎಲ್ಲಿ), ‘ಕೈಫ’ (ಹೇಗೆ), ‘ಕಮ್’ (ಎಷ್ಟು) ಇವೆಲ್ಲ ಎರಡನೆಯ ಬಗೆಗೆ ಮಾತ್ರ. ‘ಹಲ್’ ಮೊದಲನೆಯದಕ್ಕೆ ಮಾತ್ರ. ಎರಡೂ ಕಡೆ ಸಲ್ಲುವುದು ಹಮ್ಜ ಒಂದೇ. ಅದಕ್ಕೇ ಅದನ್ನು ಪ್ರಶ್ನಾಪದಗಳ ತಾಯಿ ಎಂದು ಕರೆದರು.

ಎರಡೂ ಕಡೆ ಸಲ್ಲುವುದು ಹೇಗೆಂದರೆ, ಹಮ್ಜ ಯಾವ ಪದದ ಮುಂದೆ ನಿಲ್ಲುತ್ತದೋ ಅನುಮಾನ ಆ ಪದದ ಮೇಲೆ ಬೀಳುತ್ತದೆ. ಕನ್ನಡಿಗರಿಗೆ ಇದು ಹೊಸದಲ್ಲ. ನಮ್ಮ ‘ಆ’ ಪದದ ಬಾಲಕ್ಕೆ ಅಂಟಿಕೊಂಡು ಮಾಡುವ ಕೆಲಸವನ್ನು ಅವರ ‘ಅ’ ತಲೆಯ ಕಡೆ ನಿಂತು ಮಾಡುತ್ತದೆ. ‘ಅ-ಶಾಯನ್ ಶರಿಬ್ತ ಅಮ್ ಖಹ್ವತನ್?’ ಎಂದರೆ ‘ನೀನು ಕುಡಿದದ್ದು ಟೀನಾ, ಕಾಫಿನಾ?’ ಕುಡಿದದ್ದು ಖಚಿತ, ಯಾವುದು ಎಂಬುದಷ್ಟೇ ಪ್ರಶ್ನೆ. ‘ಹೌದು’ ಎಂದು ಉತ್ತರಿಸಿದರೆ ನಗುತ್ತಾರೆ. ಶಿಷ್ಟ ಅರಬ್ಬಿಯಲ್ಲಿ ‘ಹಲ್’ ಜೊತೆ ಈ ‘ಅಮ್’ ಒಗ್ಗುವುದಿಲ್ಲ, ‘ಔ’ ಬರಬೇಕು. ‘ಹಲ್ ಶರಿಬ್ತ ಶಾಯನ್ ಔ ಖಹ್ವತನ್?’ ಎಂದರೆ ‘ಟೀಯೋ ಕಾಫಿಯೋ ಏನಾದರೂ ಕುಡಿದೆಯಾ?’ ಇದಕ್ಕೆ ‘ಹೌದು’ ಸಾಕು.

ಇದನ್ನು ಅತ್ಯಂತ ಸೊಗಸಾಗಿ ಬಿಡಿಸಿದವರು 11ನೇ ಶತಮಾನದ ಅಬ್ದುಲ್ ಖಾಹಿರ್ ಅಲ್-ಜುರ್ಜಾನಿ. ಅವರು ಕೊಡುವ ಉದಾಹರಣೆ ಮನೆ ಕಟ್ಟುವುದರದು. ಗೆಳೆಯನೊಬ್ಬ ಮನೆ ಕಟ್ಟಬೇಕೆಂದುಕೊಂಡಿದ್ದ. ಬಹಳ ದಿನದ ಮೇಲೆ ಸಿಕ್ಕ. ‘ಅ-ಬನೈತ?’ ಎಂದು ಕ್ರಿಯಾಪದದ ಮುಂದೆ ಹಮ್ಜ ಇಟ್ಟು ಕೇಳಬೇಕು: ‘ಕಟ್ಟಿದೆಯಾ?’ ಕಟ್ಟಿದನೋ ಇಲ್ಲವೋ ನಮಗೆ ತಿಳಿಯದು. ಈಗ ಕಣ್ಣೆದುರೇ ಮನೆ ನಿಂತಿದೆ ಎನ್ನಿ. ಆಗ ‘ಅ-ಅನ್ತ ಬನೈತ ಹಾಜಿಹಿದ್ದಾರ್?’ ಎಂದು ಕೇಳಬೇಕು: ‘ಈ ಮನೆ ಕಟ್ಟಿದ್ದು ನೀನಾ?’ ಹಮ್ಜ ‘ಅನ್ತ’, ಅಂದರೆ ‘ನೀನು’ ಎಂಬುದರ ಮುಂದೆ ಬಂತು. ಎದುರಿಗಿರುವ ಮನೆಯನ್ನು ತೋರಿಸಿ ‘ಅ-ಬನೈತ ಹಾಜಿಹಿದ್ದಾರ್?’ ಎಂದರೆ ಅದು ಮಾತೇ ಅಲ್ಲ ಎನ್ನುತ್ತಾರೆ ಜುರ್ಜಾನಿ. ಕಣ್ಣಿಗೆ ಕಾಣುವ ವಸ್ತುವನ್ನು ‘ಇದೆಯೋ ಇಲ್ಲವೋ’ ಎಂದು ಕೇಳಿದಂತಾಯಿತಲ್ಲ! ನಾವಾದರೆ ‘ಕಟ್ಟಿದೆ’ಯನ್ನು ‘ಕಟ್ಟಿದ್ದು’ ಮಾಡಿ ಕ್ರಿಯಾಪದದ ರೂಪವನ್ನೇ ಬದಲಿಸುತ್ತೇವೆ. ಅರಬ್ಬಿಯಲ್ಲಿ ‘ಬನೈತ’ ಇದ್ದಂತೆಯೇ ಇರುತ್ತದೆ, ಪದಗಳ ಸರದಿ ಮಾತ್ರ ಬದಲು.

ಇದೇ ಕೀಲಿಯಿಂದ ಅವರು ಕುರಾನಿನ 21ನೇ ಅಧ್ಯಾಯದ ಒಂದು ಪ್ರಶ್ನೆಯನ್ನು ತೆರೆಯುತ್ತಾರೆ. ವಿಗ್ರಹಗಳು ಒಡೆದು ಬಿದ್ದಿವೆ. ಜನ ಇಬ್ರಾಹೀಮರನ್ನು ಹಿಡಿದು ತಂದು ಕೇಳುವುದು ‘ಅ-ಅನ್ತ ಫಅಲ್ತ ಹಾಜಾ?’, ‘ಇದನ್ನು ಮಾಡಿದ್ದು ನೀನಾ?’ ಎಂದು. ಒಡೆದಿರುವುದರಲ್ಲಿ ಅವರಿಗೆ ಸಂಶಯವಿಲ್ಲ, ಒಪ್ಪಿಸಬೇಕಾದದ್ದು ಆಸಾಮಿಯನ್ನು. ಉತ್ತರವೂ ‘ಮಾಡಿದೆ’, ‘ಮಾಡಲಿಲ್ಲ’ ಎಂದು ಬರುವುದಿಲ್ಲ. ‘ಇಲ್ಲ, ಇವುಗಳಲ್ಲಿ ದೊಡ್ಡದು, ಇದೇ ಮಾಡಿದ್ದು’ ಎಂದು ಬರುತ್ತದೆ. ಕೇಳಿದ್ದು ಕರ್ತೃವನ್ನು, ಹೇಳಿದ್ದೂ ಕರ್ತೃವನ್ನೇ. ಇಲ್ಲಿ ಹಮ್ಜ ತೆಗೆದು ‘ಹಲ್’ ಹಾಕಲು ಬರುವುದಿಲ್ಲ. ವಾಕ್ಯದಲ್ಲಿ ಕ್ರಿಯಾಪದ ಇದ್ದರೆ ‘ಹಲ್’ ಅದನ್ನೇ ಬಯಸುತ್ತದೆ. ನಡುವೆ ಕರ್ತೃಪದ ತೂರಿಸಿದರೆ ಹಳೆಯ ವ್ಯಾಕರಣಕಾರರಿಗೆ ಅದು ಅಪಶ್ರುತಿ.

‘ಹಲ್’ಗೆ ಇನ್ನೊಂದು ಮಿತಿಯಿದೆ. ಅದು ನಿಷೇಧವನ್ನು ಹತ್ತಿರ ಸೇರಿಸುವುದಿಲ್ಲ. ‘ನೀನು ಬರಲಿಲ್ಲವಾ?’ ಎಂದು ಕೇಳಲು ‘ಅ-ಲಮ್ ತಅತಿ?’ ಎನ್ನಬೇಕು, ‘ಹಲ್ ಲಮ್’ ಎಂದರೆ ತಪ್ಪು. ಇಂಥ ಪ್ರಶ್ನೆಗೆ ಕನ್ನಡದಲ್ಲಿ ಬರೀ ‘ಹೌದು’ ಎಂದರೆ ಬಂದದ್ದೋ ಬರದೇ ಇದ್ದದ್ದೋ ಎಂಬ ಗೊಂದಲ ಉಳಿಯಬಹುದು. ಅರಬ್ಬಿಯಲ್ಲಿ ಅದಕ್ಕೆಂದೇ ಬೇರೆ ಪದ ಇಟ್ಟಿದ್ದಾರೆ: ‘ಬಲಾ’ ಎಂದರೆ ‘ಬಂದೆನಲ್ಲ!’, ‘ನಅಮ್’ ಎಂದರೆ ‘ಹೌದು, ಬರಲಿಲ್ಲ’.

ಇಷ್ಟೆಲ್ಲ ಕಲಿತು ದುಬೈನ ಅಂಗಡಿಗೆ ಹೋದರೆ ಹಮ್ಜ, ‘ಹಲ್’ ಎರಡೂ ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಆಡುಮಾತಿನಲ್ಲಿ ಹೌದು-ಇಲ್ಲ ಪ್ರಶ್ನೆಗೆ ಸಾಮಾನ್ಯವಾಗಿ ದನಿ ಏರಿಸುವುದಷ್ಟೇ ಸಾಕು. ಹಮ್ಜದ ವೈಭವವೆಲ್ಲ ಬರಹದಲ್ಲಿ, ಭಾಷಣದಲ್ಲಿ, ಸುದ್ದಿವಾಚನದಲ್ಲಿ.