ಲೈವ್ ಲೊಕೇಶನ್‌ನ ಚುಕ್ಕೆ ದಾರಿ ಮಧ್ಯೆ ನಿಂತುಬಿಟ್ಟರೆ ಏನರ್ಥ?

ಪ್ರಶ್ನೆ: ಕುಂದಲಹಳ್ಳಿಯಲ್ಲಿ ಕೆಲಸ, ಮನೆ ವಿಜಯನಗರದ ಕಡೆ. ರಾತ್ರಿ ಹತ್ತರ ಸುಮಾರಿಗೆ ಆಫೀಸ್ ಬಿಟ್ಟು ಮೆಟ್ರೊ ಹತ್ತುತ್ತೇನೆ, ಇಳಿದ ಮೇಲೆ ಆಟೊ. ಹೊರಡುವಾಗಲೇ ಅಕ್ಕನಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಗಂಟೆಯ ಲೈವ್ ಲೊಕೇಶನ್ ಕಳಿಸಿರುತ್ತೇನೆ. ಆದರೂ ದಾರಿಯಲ್ಲಿ ಎಲ್ಲೋ ಚುಕ್ಕೆ ನಿಂತುಹೋಗುತ್ತದೆ, ಅಕ್ಕ ಗಾಬರಿಯಾಗುತ್ತಾಳೆ. ಬೇರೆ ಸೇಫ್ಟಿ ಆ್ಯಪ್ ಹಾಕಿಕೊಳ್ಳಬೇಕೇ?

ಉತ್ತರ: ಬೇರೆ ಆ್ಯಪ್ ಹಾಕಿಕೊಂಡರೂ ಇದೇ ತೊಂದರೆ ಬರುವ ಸಾಧ್ಯತೆ ಹೆಚ್ಚು. ಚುಕ್ಕೆ ನಿಲ್ಲುವುದಕ್ಕೆ ನಿಮ್ಮ ದಾರಿಯಲ್ಲೇ ಮೂರು ಕಾರಣಗಳಿವೆ. ಅವು ಗೊತ್ತಿದ್ದರೆ ಅಕ್ಕನ ಅರ್ಧ ಗಾಬರಿ ಕಡಿಮೆಯಾಗುತ್ತದೆ. ನಿಜವಾಗಿ ಗಾಬರಿಯಾಗಬೇಕಾದ ಹೊತ್ತು ಯಾವುದು ಎಂಬುದೂ ಅವಳಿಗೆ ತಿಳಿಯುತ್ತದೆ.

ಮೊದಲನೆಯದು, ನೀವು ಆರಿಸಿಕೊಂಡ ಅವಧಿ. ವಾಟ್ಸ್‌ಆ್ಯಪ್ ಕೊಡುವುದು 15 ನಿಮಿಷ, 1 ಗಂಟೆ, 8 ಗಂಟೆ ಎಂಬ ಮೂರೇ ಆಯ್ಕೆ. ಸ್ಟೇಷನ್‌ವರೆಗಿನ ನಡಿಗೆ, ರೈಲಿಗೆ ಕಾಯುವುದು, ನಗರದ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಮೆಟ್ರೊ ಪ್ರಯಾಣ, ಇಷ್ಟಕ್ಕೇ ಆ ಒಂದು ಗಂಟೆ ಮುಗಿದಿರುತ್ತದೆ. ಅಂದರೆ ನೀವು ಜನರ ನಡುವೆ ಕೂತಿರುವಷ್ಟು ಹೊತ್ತೂ ಅಕ್ಕನಿಗೆ ಕಾಣಿಸುತ್ತೀರಿ, ಒಬ್ಬರೇ ಆಟೊ ಹತ್ತುವ ಹೊತ್ತಿಗೆ ಮರೆಯಾಗುತ್ತೀರಿ. ಆದ್ದರಿಂದ 8 ಗಂಟೆ ಆರಿಸಿ, ಮನೆ ಬಾಗಿಲು ಹಾಕಿಕೊಂಡ ಮೇಲೆ ನೀವೇ Stop sharing ಒತ್ತಿ.

ಎರಡನೆಯದು, ಸುರಂಗ. ನೇರಳೆ ಮಾರ್ಗದ ರೈಲು ಎಂ.ಜಿ. ರಸ್ತೆ ದಾಟಿದ ಮೇಲೆ ನೆಲದೊಳಗೆ ಇಳಿಯುತ್ತದೆ. ಕಬ್ಬನ್ ಪಾರ್ಕ್, ವಿಧಾನಸೌಧ, ಸೆಂಟ್ರಲ್ ಕಾಲೇಜು, ಮೆಜೆಸ್ಟಿಕ್, ಸಿಟಿ ರೈಲು ನಿಲ್ದಾಣ ಎಲ್ಲವೂ ನೆಲದಡಿಯವು. ಮಾಗಡಿ ರಸ್ತೆ ಸ್ಟೇಷನ್ನಿನ ಹೊತ್ತಿಗೆ ರೈಲು ಮತ್ತೆ ಮೇಲೆ ಬರುತ್ತದೆ. ಅಲ್ಲಿಯವರೆಗೆ ಫೋನಿಗೆ ಜಿಪಿಎಸ್ ಉಪಗ್ರಹಗಳು ಕಾಣುವುದಿಲ್ಲ. ಮೊಬೈಲ್ ಸಿಗ್ನಲ್ ಇದ್ದರೆ ಟವರ್ ಆಧಾರದ ಮೇಲೆ ಫೋನು ಒಂದು ಅಂದಾಜು ಜಾಗ ತೋರಿಸಬಹುದು, ಆಗ ಚುಕ್ಕೆ ಅಕ್ಕಪಕ್ಕದ ಬೀದಿಗಳಿಗೆ ಹಾರುವುದೂ ಉಂಟು. ಈ ಹತ್ತು-ಹದಿನೈದು ನಿಮಿಷದ ಮೌನ ದಿನವೂ ಇದ್ದದ್ದೇ ಎಂದು ಅಕ್ಕನಿಗೆ ಹೇಳಿಡಿ. ಅಷ್ಟು ಹೊತ್ತು ಕಳೆದ ಮೇಲೂ ಚುಕ್ಕೆ ಅಲುಗದಿದ್ದರೆ ಆಗ ಫೋನ್ ಮಾಡಲಿ.

ಮೂರನೆಯದು, ಬ್ಯಾಟರಿ ಉಳಿಸಲು ಫೋನೇ ಆ್ಯಪನ್ನು ಮಲಗಿಸುವುದು. ಸ್ಕ್ರೀನ್ ಆರಿಸಿ ಬ್ಯಾಗಿಗೆ ಹಾಕಿದ ಕೆಲವು ನಿಮಿಷಕ್ಕೆ ಚುಕ್ಕೆ ನಿಂತು, ಫೋನ್ ತೆಗೆದು ವಾಟ್ಸ್‌ಆ್ಯಪ್ ತೆರೆದ ಕೂಡಲೇ ಮುಂದಕ್ಕೆ ಜಿಗಿದರೆ ಕಾರಣ ಇದೇ. ಆಂಡ್ರಾಯ್ಡ್‌ನಲ್ಲಿ ವಾಟ್ಸ್‌ಆ್ಯಪ್ ಐಕಾನನ್ನು ಒತ್ತಿ ಹಿಡಿದು App info ತೆರೆಯಿರಿ. Permissions ಒಳಗೆ Location ಅನ್ನು Allow all the time ಮಾಡಿ, ಅಲ್ಲೇ Use precise location ಆನ್ ಇರಲಿ. ಹಿಂದಕ್ಕೆ ಬಂದು Battery ಒಳಗೆ Unrestricted ಆರಿಸಿ. ಈ ಆಯ್ಕೆಗೆ ಕೆಲವು ಕಂಪನಿಗಳ ಫೋನಿನಲ್ಲಿ No restrictions, ಇನ್ನು ಕೆಲವದರಲ್ಲಿ Allow background activity ಎಂಬ ಹೆಸರಿದೆ. ಐಫೋನ್ ಆದರೆ ಸೆಟಿಂಗ್ಸ್‌ನಲ್ಲಿ ವಾಟ್ಸ್‌ಆ್ಯಪ್‌ನ ಲೊಕೇಶನ್ Always ಎಂದಿರಬೇಕು. ಇಷ್ಟೆಲ್ಲ ಮಾಡಿದ ಮೇಲೂ ಬ್ಯಾಟರಿ ಸೇವರ್ ಆನ್ ಆದರೆ ಹಳೆಯ ಕಥೆಯೇ. ಹಾಗಾಗಿ ಆಫೀಸ್ ಬಿಡುವ ಮುನ್ನ ಫೋನ್ ಚಾರ್ಜ್ ಮಾಡಿಕೊಳ್ಳಿ.

ಇನ್ನು ನಕ್ಷೆ ನೋಡುವವರ ಕೆಲಸ. ಅದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಮುಖ್ಯವಾದದ್ದು ಅದೇ. ಅಕ್ಕ ಚುಕ್ಕೆಯನ್ನು ಮಾತ್ರ ನೋಡಿದರೆ ಸಾಲದು, ನಿಮ್ಮ ಹೆಸರಿನ ಕೆಳಗೆ ಅದು ಎಷ್ಟು ಹೊತ್ತಿನ ಹಿಂದೆ ಅಪ್‌ಡೇಟ್ ಆಗಿದೆ ಎಂಬುದನ್ನೂ ನೋಡಬೇಕು. ಚುಕ್ಕೆ ನಿಂತಿದೆ, ಸಮಯ ಮಾತ್ರ ಈಗಷ್ಟೇ ಅಪ್‌ಡೇಟ್ ಆದದ್ದು ಎಂದರೆ ಫೋನು ಸರಿಯಿದೆ, ಅದು ನಿಜವಾಗಿಯೂ ಒಂದು ಕಡೆ ನಿಂತಿದೆ. ಸಮಯವೂ ಹಳೆಯದಾಗಿದ್ದರೆ ಫೋನಿನಿಂದ ಸುದ್ದಿಯೇ ಬರುತ್ತಿಲ್ಲ. ಸುರಂಗ, ನೆಟ್‌ವರ್ಕ್, ಬ್ಯಾಟರಿ ಯಾವುದೂ ಇರಬಹುದು. ಆಟೊ ಹತ್ತಿದ ಮೇಲೆ ಟ್ರಾಫಿಕ್ ಸಿಗ್ನಲ್ಲೂ ಇಲ್ಲದ ಗಲ್ಲಿಯಲ್ಲಿ ಚುಕ್ಕೆ ಐದು ನಿಮಿಷ ನಿಂತು, ಸಮಯ ಮಾತ್ರ ಹೊಸದಾಗುತ್ತಲೇ ಇದ್ದರೆ ತಕ್ಷಣ ಫೋನ್ ಮಾಡಬೇಕು. ಗೂಗಲ್ ಮ್ಯಾಪ್ಸ್‌ನ Location sharing ಬಳಸಿದರೆ ನಿಮ್ಮ ಫೋನಿನಲ್ಲಿ ಎಷ್ಟು ಚಾರ್ಜ್ ಉಳಿದಿದೆ ಎಂಬುದೂ ಅವಳಿಗೆ ಕಾಣುತ್ತದೆ. ಚಾರ್ಜ್ 4% ಇದ್ದಾಗ ಚುಕ್ಕೆ ಮಾಯವಾದದ್ದಕ್ಕೂ 60% ಇದ್ದಾಗ ಮಾಯವಾದದ್ದಕ್ಕೂ ಬಹಳ ವ್ಯತ್ಯಾಸವಿದೆ.

ಆಟೊ ಆ್ಯಪ್‌ನಲ್ಲಿ ಬುಕ್ ಮಾಡಿದ್ದರೆ ಟ್ರಿಪ್ ಲಿಂಕನ್ನೂ ಅಕ್ಕನಿಗೆ ಕಳಿಸಿ, ಚಾಲಕನ ಹೆಸರು, ಗಾಡಿ ನಂಬರು ಎರಡೂ ಅದರಲ್ಲಿ ಸಿಗುತ್ತವೆ. ಆದರೆ ಟ್ರಿಪ್ ಮುಗಿಯಿತು ಎಂದು ಚಾಲಕ ಒತ್ತಿದ ಕ್ಷಣಕ್ಕೆ ಆ ಲಿಂಕಿನ ಕೆಲಸವೂ ಮುಗಿಯುತ್ತದೆ. ಅದಕ್ಕೇ ಲೈವ್ ಲೊಕೇಶನ್ ಜೊತೆಗಿರಲೇಬೇಕು. ಬೀದಿಯಲ್ಲಿ ಕೈ ತೋರಿಸಿ ನಿಲ್ಲಿಸಿದ ಆಟೊ ಆದರೆ ಹತ್ತುವ ಮುಂಚೆ ನಂಬರ್ ಪ್ಲೇಟಿನ ಫೋಟೊ ಕಳಿಸಿ.

ಲೊಕೇಶನ್ ಹಂಚಿಕೊಂಡ ಮಾತ್ರಕ್ಕೆ ಪೊಲೀಸರಿಗೆ ಏನೂ ತಿಳಿಯುವುದಿಲ್ಲ. ಅದಕ್ಕೆ 112 ಇದೆ. 112 India ಆ್ಯಪ್ ಹಾಕಿಕೊಳ್ಳುವುದಾದರೆ ಹೆಸರು, ತುರ್ತು ಸಂಪರ್ಕದವರ ನಂಬರು ಎಲ್ಲವನ್ನೂ ಮೊದಲೇ ತುಂಬಿಡಿ. ಅದಿಲ್ಲದಿದ್ದರೂ ಫೋನಿನಲ್ಲೇ ಒಂದು ಗುಂಡಿ ಇದೆ. ಆಂಡ್ರಾಯ್ಡ್ 12ರಿಂದ ಈಚಿನ ಬಹುತೇಕ ಫೋನುಗಳಲ್ಲಿ ಸೆಟಿಂಗ್ಸ್‌ನ Safety & emergency ಒಳಗೆ Emergency SOS ಸಿಗುತ್ತದೆ. ಅದನ್ನು ಆನ್ ಮಾಡಿ, ಕರೆ ಹೋಗುವ ನಂಬರು 112 ಇದೆಯೇ ನೋಡಿ, ಅಕ್ಕನನ್ನು ತುರ್ತು ಸಂಪರ್ಕಕ್ಕೆ ಸೇರಿಸಿ. ಪವರ್ ಬಟನ್ ಐದು ಸಲ ಬೇಗಬೇಗ ಒತ್ತಿದರೆ ಕೆಲವು ಸೆಕೆಂಡುಗಳ ಎಣಿಕೆ ಶುರುವಾಗಿ, ಆಮೇಲೆ ಕರೆ ಹೋಗುತ್ತದೆ. ಎಣಿಕೆಯ ವೇಳೆ ಫೋನು ಜೋರಾಗಿ ಕೂಗಬಹುದು. ಹಿಂದೆ ಬರುತ್ತಿರುವವನು ಬೆದರಿ ಓಡಲಿ ಎಂದಿದ್ದರೆ ಆ ಸದ್ದು ಇರಲಿ. ಗಾಡಿಯೊಳಗೆ ಸದ್ದಿಲ್ಲದೆ ಕರೆ ಹೋಗಬೇಕು ಎಂದಿದ್ದರೆ ಅಲ್ಲೇ ಅಲಾರಂ ಆಫ್ ಮಾಡಿಡಿ. ಮನೆಯಲ್ಲಿ ಒಮ್ಮೆ ಒತ್ತಿ, ಎಣಿಕೆ ಮುಗಿಯುವ ಮುನ್ನ ರದ್ದು ಮಾಡಿ ನೋಡಿ. ನಿಮ್ಮ ಫೋನಿಗೆ ಎಷ್ಟು ಸಲ ಒತ್ತಬೇಕು, ಸದ್ದು ಎಷ್ಟಿದೆ ಎರಡೂ ಗೊತ್ತಾಗುತ್ತದೆ.

ಡೇಟಾ ಇಲ್ಲದಾಗ ಲೈವ್ ಲೊಕೇಶನ್ ನಿಲ್ಲುತ್ತದೆ. ಸಾಮಾನ್ಯ ಕರೆ ಮತ್ತು ಎಸ್ಎಂಎಸ್‌ಗೆ ಡೇಟಾ ಬೇಡ. ಆದರೆ ಡೇಟಾ ಮಾತ್ರದ ರೀಚಾರ್ಜ್‌ನಲ್ಲಿ ಎಸ್ಎಂಎಸ್ ಇರುವುದಿಲ್ಲ; ನಿಮ್ಮ ಪ್ಲ್ಯಾನ್‌ನಲ್ಲಿ ಇದೆಯೇ ಎಂದು ಡೇಟಾ ಆಫ್ ಮಾಡಿ ಅಕ್ಕನಿಗೆ ಒಂದು ಎಸ್ಎಂಎಸ್ ಕಳಿಸಿ ಖಚಿತ ಮಾಡಿಕೊಳ್ಳಿ.

112ಕ್ಕೆ ಕರೆ ಹೋದಾಗ ಮೊದಲ ಮಾತೇ ಜಾಗದ್ದಾಗಿರಲಿ, ಹೆಸರು ಆಮೇಲೆ. ಕರೆ ನಡುವೆ ಕಡಿದುಹೋದರೂ ಜಾಗ ತಲುಪಿರುತ್ತದೆ. ಮೆಟ್ರೊ ಹಾದಿಯ ಕೆಳಗಿದ್ದರೆ ಕಂಬದ ಮೇಲೆ ಬರೆದ ಪಿಲ್ಲರ್ ನಂಬರ್ ಹೇಳಿ, ಅದಕ್ಕಿಂತ ಖಚಿತವಾದ ಗುರುತು ರಾತ್ರಿಯಲ್ಲಿ ಸಿಗುವುದು ಕಷ್ಟ.

ನೀವು ಕರೆ ಮಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಅಕ್ಕನೇ ಮಾಡಬೇಕಾಗುತ್ತದೆ, ಅದರ ಒಪ್ಪಂದ ಇವತ್ತೇ ಆಗಲಿ. ಎರಡು ಸಲ ಫೋನ್ ಮಾಡಿಯೂ ನೀವು ಎತ್ತದಿದ್ದರೆ, ಅಥವಾ ಎತ್ತಿ ಇಬ್ಬರೂ ಮೊದಲೇ ಗೊತ್ತುಮಾಡಿಕೊಂಡ ಒಂದು ಮಾತು ಹೇಳಿದರೆ ಅವಳು ಮತ್ತೆ ಕೇಳುತ್ತ ಕೂರಬಾರದು, 112ಕ್ಕೆ ಕರೆ ಮಾಡಬೇಕು. ಆ ಮಾತು ‘ಅಮ್ಮನ ಮಾತ್ರೆ ತಂದ್ಯಾ?’ ಎನ್ನುವಂತೆ ಯಾರ ಕಿವಿಗೂ ಸಹಜವಾಗಿ ಕೇಳುವಂಥದ್ದಾಗಿರಲಿ. ಕರೆಯಲ್ಲಿ ಅವಳು ಹೇಳಬೇಕಾದದ್ದು ಕೊನೆಯ ಬಾರಿ ಚುಕ್ಕೆ ಕಂಡ ಜಾಗ, ಅದು ಅಪ್‌ಡೇಟ್ ಆದ ಸಮಯ, ಆಟೊ ನಂಬರು, ನೀವು ಉಟ್ಟ ಬಟ್ಟೆಯ ಬಣ್ಣ, ನಿಮ್ಮ ಫೋನ್ ನಂಬರು. ಚುಕ್ಕೆ ಕಾಣುತ್ತಿರುವಾಗಲೇ ನಕ್ಷೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡರೆ, ಶೇರಿಂಗ್ ನಿಂತುಹೋದರೂ ಇದನ್ನೆಲ್ಲ ಅವಳು ತಡವರಿಸದೆ ಹೇಳಬಲ್ಲಳು.