ಪರಿಕಲ್ಪನಾ ನಕ್ಷೆ: ಗೆರೆಯ ಮೇಲೆ ಬರೆಯುವ ಮಾತೇ ಅದರ ಜೀವ

ಅಕ್ಕನ ಮಗಳು ಈ ಸಲ ಹತ್ತನೇ ಕ್ಲಾಸು. ವಿಜ್ಞಾನದ 'ಜೀವಕ್ರಿಯೆಗಳು' ಪಾಠಕ್ಕೆ ಮೇಷ್ಟ್ರು ಕೊಟ್ಟ ಸ್ಲೈಡ್‌ಗಳನ್ನು ಫೋನಿಗೆ ಕಳಿಸಿ, "ಚಿಕ್ಕಮ್ಮ, ಎಲ್ಲಾ ಓದಿದೀನಿ, ಆದ್ರೆ ಒಂದಕ್ಕೊಂದು ಸೇರ್ತಾನೇ ಇಲ್ಲ. ನನಗೆ ಚಿತ್ರ ಇದ್ರೆ ಮಾತ್ರ ತಲೆಗೆ ಹೋಗೋದು" ಅಂದಳು. ಅವಳಿಗಾಗಿ ಕೂತು ಮಾಡಿದ್ದು ಒಂದು ಪರಿಕಲ್ಪನಾ ನಕ್ಷೆ. ಈ ಪದವನ್ನು ತುಂಬಾ ಜನ ಮೈಂಡ್ ಮ್ಯಾಪ್ ಅಂದುಕೊಂಡು ಬಳಸುತ್ತಾರೆ. ಎರಡೂ ಬೇರೆ ಬೇರೆ.

ಮೈಂಡ್ ಮ್ಯಾಪ್‌ನಲ್ಲಿ ನಡುವೆ ಒಂದು ವಿಷಯ ಇರುತ್ತದೆ. ಅದರಿಂದ ಮರದ ಕೊಂಬೆಗಳ ಹಾಗೆ ಗೆರೆಗಳು ಹೊರಡುತ್ತವೆ. ಕೊಂಬೆಯ ಮೇಲೆ ಒಂದೊಂದು ಪದ ಬರೆದರೆ ಸಾಕು, ಈ ಪದಕ್ಕೂ ಆ ಪದಕ್ಕೂ ಏನು ನಂಟು ಅಂತ ಹೇಳಬೇಕಾಗಿಲ್ಲ. ಪರಿಕಲ್ಪನಾ ನಕ್ಷೆಯಲ್ಲಿ ಅದನ್ನು ಹೇಳಲೇಬೇಕು. ಎರಡು ಪೆಟ್ಟಿಗೆ, ನಡುವೆ ಬಾಣ, ಬಾಣದ ಮೇಲೆ ಒಂದು ಮಾತು. ಮೂರನ್ನೂ ಸೇರಿಸಿ ಓದಿದರೆ ಒಂದು ಪೂರ್ತಿ ವಾಕ್ಯ ಆಗಬೇಕು. ಆ ವಾಕ್ಯ ಸರಿಯೋ ತಪ್ಪೋ ಅಂತ ಯಾರಾದರೂ ಹೇಳುವ ಹಾಗಿರಬೇಕು.

ಇದನ್ನು ಹುಟ್ಟುಹಾಕಿದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೋಸೆಫ್ ನೊವಾಕ್ ಮತ್ತು ಅವರ ಜೊತೆಯವರು, 1972ರಲ್ಲಿ. ಮಕ್ಕಳ ವಿಜ್ಞಾನದ ತಿಳಿವಳಿಕೆ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆ ಅಂತ ಅವರು 12 ವರ್ಷ ಬೆನ್ನುಹತ್ತಿ ನೋಡುತ್ತಿದ್ದರು. ಮಕ್ಕಳನ್ನು ಮಾತಾಡಿಸಿ ಬರೆದುಕೊಂಡ ಹಾಳೆಗಳು ರಾಶಿ ಬಿದ್ದವು. ಅಷ್ಟು ಮಾತಿನಲ್ಲಿ ಮಗುವಿಗೆ ಏನು ಹೊಸದಾಗಿ ಅರ್ಥವಾಗಿದೆ ಅಂತ ಹುಡುಕುವುದು ಕಷ್ಟವಾಯಿತು. ಹಾಗಾಗಿ ಮಗು ಹೇಳಿದ್ದನ್ನೇ ಪೆಟ್ಟಿಗೆ, ಗೆರೆಗಳಾಗಿ ಬಿಡಿಸಿದರು. ಹೊಸ ವಿಷಯ ನಿಲ್ಲಬೇಕಾದರೆ ಅದು ಆಗಲೇ ಗೊತ್ತಿರುವುದಕ್ಕೆ ಗಂಟು ಬೀಳಬೇಕು ಅಂತ ಡೇವಿಡ್ ಆಸುಬೆಲ್ ಎಂಬ ಮನೋವಿಜ್ಞಾನಿ ಹೇಳಿದ್ದರು. ನಕ್ಷೆಯ ಹಿಂದಿರುವುದು ಅದೇ ವಿಚಾರ.

ಸ್ಲೈಡ್‌ನಲ್ಲಿ ಈ ಗಂಟೇ ಕಾಣೆಯಾಗಿರುತ್ತದೆ. ಅವಳ ಒಂದು ಸ್ಲೈಡ್ ಹೀಗಿತ್ತು: ಮೇಲೆ 'ಉಸಿರಾಟ' ಅಂತ ತಲೆಬರಹ. ಕೆಳಗೆ ಚುಕ್ಕಿ ಇಟ್ಟು ಗ್ಲೂಕೋಸ್, ಪೈರುವೇಟ್, ಮೈಟೊಕಾಂಡ್ರಿಯಾ, ಎಟಿಪಿ, ಲ್ಯಾಕ್ಟಿಕ್ ಆಮ್ಲ. ಐದು ಪದ ಇದೆ, ಒಂದು ಕ್ರಿಯಾಪದವೂ ಇಲ್ಲ. ಮೇಷ್ಟ್ರು ಪಾಠ ಮಾಡುವಾಗ ಕ್ರಿಯಾಪದ ಬಾಯಲ್ಲಿ ಬಂದಿರುತ್ತದೆ. ಮನೆಗೆ ಬಂದು ಫೋನ್ ತೆರೆದಾಗ ಉಳಿದಿರುವುದು ಬರೀ ಹೆಸರುಗಳು. ನಕ್ಷೆ ಮಾಡುವುದು ಅಂದರೆ ಆ ಕ್ರಿಯಾಪದಗಳನ್ನು ಮತ್ತೆ ತಂದು ಕೂರಿಸುವುದು.

ಮೊದಲು ನಾವು ಪಾಠದ ಹೆಸರನ್ನು ಬಿಟ್ಟು ಒಂದು ಪ್ರಶ್ನೆ ಇಟ್ಟುಕೊಂಡೆವು: 'ತಿಂದ ಅನ್ನ ಓಡುವ ಶಕ್ತಿ ಆಗುವುದು ಹೇಗೆ?' ಪ್ರಶ್ನೆ ಇದ್ದರೆ ಯಾವ ಪದ ಬೇಕು, ಯಾವುದು ಬೇಡ ಅಂತ ಗೊತ್ತಾಗುತ್ತದೆ. 'ಜೀವಕ್ರಿಯೆಗಳು' ಅಂತ ನಡುವೆ ಬರೆದು ಕೂತಿದ್ದರೆ ಪಾಠದಲ್ಲಿರುವ ಪದ ಅಷ್ಟೂ ಒಳಗೆ ಬರುತ್ತಿದ್ದವು. ಆಮೇಲೆ ಸ್ಲೈಡ್‌ಗಳನ್ನು ಒಂದೊಂದಾಗಿ ತಿರುವುತ್ತಾ ಪದಗಳನ್ನು ಚಿಕ್ಕ ಅಂಟು ಚೀಟಿಗಳ ಮೇಲೆ ಬರೆದಳು. ಒಂದು ಚೀಟಿಗೆ ಒಂದೇ ಪದ. ನಲವತ್ತರ ಹತ್ತಿರ ಆಯಿತು. ಪ್ರಶ್ನೆಗೆ ಉತ್ತರ ಹೇಳಲು ಬೇಡದ್ದನ್ನೆಲ್ಲ ಪಕ್ಕಕ್ಕೆ ಸರಿಸಿದ ಮೇಲೆ ಉಳಿದದ್ದು 16. ನೊವಾಕ್ ಅವರೂ ಒಂದು ನಕ್ಷೆಗೆ 15ರಿಂದ 25 ಪರಿಕಲ್ಪನೆ ಸಾಕು ಅನ್ನುತ್ತಾರೆ. ಅದಕ್ಕಿಂತ ಜಾಸ್ತಿಯಾದರೆ ಗೆರೆಗಳು ಜೇಡರ ಬಲೆ ಆಗಿಬಿಡುತ್ತವೆ.

ಚೀಟಿ ಯಾಕೆ ಅಂದರೆ, ಮೊದಲ ಜೋಡಣೆ ಸರಿ ಇರುವುದೇ ಇಲ್ಲ. ಪೆನ್ನಲ್ಲಿ ಬರೆದುಬಿಟ್ಟರೆ ಕೆಡಿಸಲು ಮನಸ್ಸು ಬರುವುದಿಲ್ಲ. ಕಂಪ್ಯೂಟರಿನಲ್ಲಿ ಮಾಡುವವರಿಗೆ `CmapTools` ಅಂತ ಉಚಿತ ತಂತ್ರಾಂಶ ಇದೆ, ಅದರಲ್ಲಿ ಪೆಟ್ಟಿಗೆ ಎಳೆದರೆ ಗೆರೆಯೂ ಜೊತೆಗೇ ಬರುತ್ತದೆ. ಮೊದಲ ಸಲ ಮಾತ್ರ ಗೋಡೆ ಮೇಲೆ ಚೀಟಿ ಅಂಟಿಸಿ ಮಾಡುವುದೇ ನನಗೆ ಇಷ್ಟ.

ಈಗ ಗೆರೆ. ಇಲ್ಲಿ ಕನ್ನಡದಲ್ಲಿ ಮಾಡುವವರಿಗೆ ಒಂದು ತೊಡಕು ಎದುರಾಗುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ನಡುವೆ ಬರುತ್ತದೆ, ಹಾಗಾಗಿ ಪೆಟ್ಟಿಗೆ, ಗೆರೆಯ ಮಾತು, ಪೆಟ್ಟಿಗೆ ಅಂತ ಓದಿದರೆ ತಾನಾಗಿ ವಾಕ್ಯ ಆಗುತ್ತದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ. 'ಹಿಮೋಗ್ಲೋಬಿನ್, ಹೊತ್ತೊಯ್ಯುತ್ತದೆ, ಆಕ್ಸಿಜನ್' ಅಂತ ಬರೆದರೆ ಯಾರು ಯಾರನ್ನು ಹೊತ್ತರು ಅಂತ ಓದುವವರು ತಡವರಿಸುತ್ತಾರೆ. ಎಷ್ಟೋ ಮಕ್ಕಳು ಇಲ್ಲಿ ಸೋತು ಗೆರೆಯ ಮೇಲೆ ಏನೂ ಬರೆಯದೆ ಬಿಡುತ್ತಾರೆ. ಉಪಾಯ ಕನ್ನಡದಲ್ಲೇ ಇದೆ. ಕ್ರಿಯಾಪದಕ್ಕೆ 'ವುದು' ಸೇರಿಸಿ. ನಾವು ದಿನಾ 'ನನಗೆ ಬೇಕಾಗಿರುವುದು ಕಾಫಿ' ಅಂತ ಹೇಳುವುದಿಲ್ವಾ, ಅದೇ ಧಾಟಿ:

ಹಿಮೋಗ್ಲೋಬಿನ್ → ಹೊತ್ತೊಯ್ಯುವುದು → ಆಕ್ಸಿಜನ್ ಅನ್ನು

ಗ್ಲೂಕೋಸ್ → ಒಡೆದಾಗ ಸಿಗುವುದು → ಪೈರುವೇಟ್

ಪೈರುವೇಟ್ → ಆಕ್ಸಿಜನ್ ಇದ್ದರೆ ಪೂರ್ತಿ ಒಡೆಯುವುದು → ಮೈಟೊಕಾಂಡ್ರಿಯಾದಲ್ಲಿ

ಪೈರುವೇಟ್ → ಸ್ನಾಯುವಿನಲ್ಲಿ ಆಕ್ಸಿಜನ್ ಸಾಲದಿದ್ದರೆ ಆಗುವುದು → ಲ್ಯಾಕ್ಟಿಕ್ ಆಮ್ಲ

ಜೋರಾಗಿ ಓದಿ ನೋಡಿ, ನಾಲ್ಕೂ ವಾಕ್ಯಗಳೇ. ಕೊನೆಯ ಎರಡು ಗೆರೆ ಒಂದೇ ಪೆಟ್ಟಿಗೆಯಿಂದ ಕವಲೊಡೆದಿವೆ, ಕವಲಿಗೆ ಕಾರಣ ಆಕ್ಸಿಜನ್ ಅನ್ನುವುದು ಗೆರೆಯ ಮೇಲೇ ಇದೆ. ಸ್ಲೈಡ್‌ನಲ್ಲಿ ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಮತ್ತು ಲ್ಯಾಕ್ಟಿಕ್ ಆಮ್ಲ ಒಂದರ ಕೆಳಗೊಂದು ಇದ್ದದ್ದರಿಂದ ಅವಳು ಇಷ್ಟು ದಿನ ಮೊದಲು ಎಟಿಪಿ, ಆಮೇಲೆ ಲ್ಯಾಕ್ಟಿಕ್ ಆಮ್ಲ ಅಂದುಕೊಂಡಿದ್ದಳಂತೆ.

ಗೆರೆಯ ಮೇಲೆ 'ಸಂಬಂಧ ಇದೆ', 'ಬೇಕು', 'ಮುಖ್ಯ' ಅಂತ ಬರೆದಿದ್ದರೆ ಅದು ಖಾಲಿ ಗೆರೆ ಅಂತಲೇ ತಿಳಿಯಬೇಕು. ಅಂಥ ಮಾತನ್ನು ಯಾವ ಎರಡು ಪೆಟ್ಟಿಗೆಯ ನಡುವೆ ಬೇಕಾದರೂ ಹಾಕಬಹುದು. ಅದು ತಪ್ಪಾಗಲು ಸಾಧ್ಯವೇ ಇಲ್ಲ, ಹಾಗಾಗಿ ಅದರಿಂದ ಏನೂ ಗೊತ್ತಾಗುವುದಿಲ್ಲ.

ನಮ್ಮ ನಕ್ಷೆ ಅರ್ಧ ಆದಾಗ ಒಂದು ತಮಾಷೆ ಆಯಿತು. 'ಉಸಿರಾಟ' ಅನ್ನುವ ಚೀಟಿಯಿಂದ ಅವಳು ಎರಡು ಬಾಣ ಎಳೆದಿದ್ದಳು. ಒಂದು 'ನಡೆಯುವುದು ಶ್ವಾಸಕೋಶದಲ್ಲಿ', ಇನ್ನೊಂದು 'ನಡೆಯುವುದು ಜೀವಕೋಶದಲ್ಲಿ'. ಓದಿ ತಾನೇ ನಿಂತಳು. "ಚಿಕ್ಕಮ್ಮ, ಎರಡೂ ಹೇಗೆ ಸರಿ?" ಎರಡೂ ಸರಿಯೇ. ಗಾಳಿ ಒಳಗೆ ಎಳೆದು ಹೊರಗೆ ಬಿಡುವುದನ್ನೂ ನಾವು ಉಸಿರಾಟ ಅಂತೀವಿ, ಜೀವಕೋಶದೊಳಗೆ ಗ್ಲೂಕೋಸ್ ಒಡೆದು ಶಕ್ತಿ ಬಿಡುಗಡೆ ಆಗುವುದಕ್ಕೂ ಅದೇ ಹೆಸರು. ಒಂದೇ ಪದದ ಕೆಳಗೆ ಎರಡು ಪರಿಕಲ್ಪನೆ ಅಡಗಿತ್ತು. ಚೀಟಿಯನ್ನು ಎರಡು ಮಾಡಿದೆವು: 'ಗಾಳಿ ಎಳೆದು ಬಿಡುವುದು' ಮತ್ತು 'ಜೀವಕೋಶದ ಉಸಿರಾಟ'. ಸ್ಲೈಡ್ ಹತ್ತು ಸಲ ಓದಿದ್ದರೂ ಇದು ಕಣ್ಣಿಗೆ ಬೀಳುತ್ತಿರಲಿಲ್ಲ. ಬಾಣ ಎಳೆಯಲು ಹೋದಾಗ ಬಿತ್ತು.

ಎರಡು ಚೀಟಿ ಆದ ತಕ್ಷಣ ಅವುಗಳ ನಡುವೆ ದಾರಿ ಬೇಕಾಯಿತು. ಶ್ವಾಸಕೋಶದ ಗಾಳಿಗೂಡಿಂದ ಆಕ್ಸಿಜನ್ ರಕ್ತಕ್ಕೆ, ಹಿಮೋಗ್ಲೋಬಿನ್ ಮೇಲೆ ಸವಾರಿ ಮಾಡಿ ಜೀವಕೋಶಕ್ಕೆ. ಅಲ್ಲಿ ಹುಟ್ಟಿದ ಕಾರ್ಬನ್ ಡೈಆಕ್ಸೈಡ್ ಬಹುಪಾಲು ಬೈಕಾರ್ಬನೇಟ್ ರೂಪದಲ್ಲಿ ರಕ್ತದ ಪ್ಲಾಸ್ಮಾದಲ್ಲಿ ಕರಗಿ ಮತ್ತೆ ಗಾಳಿಗೂಡಿಗೆ. ಇದು ಸ್ಲೈಡ್‌ಗಳಲ್ಲಿ 'ಸಾಗಾಣಿಕೆ' ಅನ್ನುವ ಬೇರೆ ಭಾಗದಲ್ಲಿತ್ತು, ಉಸಿರಾಟದಿಂದ ಎಷ್ಟೋ ಸ್ಲೈಡ್ ಆಚೆ. ಹೀಗೆ ನಕ್ಷೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುವ ಗೆರೆಗೆ ಅಡ್ಡಕೊಂಡಿ ಅನ್ನಬಹುದು. ನೊವಾಕ್ ಇದಕ್ಕೆ ತುಂಬಾ ಬೆಲೆ ಕೊಡುತ್ತಾರೆ, ನನಗೂ ಇದೇ ನಕ್ಷೆಯ ಅತಿ ಚೆಂದದ ಭಾಗ. ಇನ್ನೊಂದು ಅಡ್ಡಕೊಂಡಿಯನ್ನು ಅವಳೇ ಹಾಕಿದಳು: ಪಾಠದ ಶುರುವಿನಲ್ಲಿದ್ದ ದ್ಯುತಿಸಂಶ್ಲೇಷಣೆಯಿಂದ ಗ್ಲೂಕೋಸ್‌ಗೆ. ಅನ್ನದಲ್ಲಿರುವ ಪಿಷ್ಟ ಭತ್ತದ ಎಲೆಯಲ್ಲಿ ಬಿಸಿಲು ಕಟ್ಟಿಕೊಟ್ಟ ಗ್ಲೂಕೋಸಿನಿಂದ ಆದದ್ದು ಅಲ್ವಾ!

ನಕ್ಷೆ ದಾರಿ ತಪ್ಪಿದ್ದು ದೂರದಿಂದ ನೋಡಿದರೇ ಗೊತ್ತಾಗುತ್ತದೆ. ಪೆಟ್ಟಿಗೆಗಳು ರೈಲಿನ ಬೋಗಿಗಳ ಹಾಗೆ ಒಂದರ ಹಿಂದೊಂದು ಇದ್ದರೆ ಸ್ಲೈಡ್‌ಗಳ ಕ್ರಮವನ್ನೇ ನಕಲು ಮಾಡಿದ್ದಾರೆ ಅಂತ ಅರ್ಥ. ಎಲ್ಲ ಗೆರೆಗಳೂ ಒಂದೇ ಪೆಟ್ಟಿಗೆಯಿಂದ ಹೊರಟಿದ್ದರೆ ಅದು ತಲೆಬರಹದ ಕೆಳಗಿನ ಪಟ್ಟಿಯೇ, ದುಂಡಗೆ ಬರೆದಿದ್ದಾರೆ ಅಷ್ಟೇ.

ಚಿತ್ರ ಇದ್ದರೆ ಮಾತ್ರ ತಲೆಗೆ ಹೋಗುತ್ತದೆ ಅಂದಳಲ್ಲ, ಅದರ ಬಗ್ಗೆ ಒಂದು ಮಾತು. ನೋಡಿ ಕಲಿಯುವವರು, ಕೇಳಿ ಕಲಿಯುವವರು ಅಂತ ಮಕ್ಕಳನ್ನು ವಿಂಗಡಿಸಿ ಅದಕ್ಕೆ ತಕ್ಕ ಹಾಗೆ ಕಲಿಸಿದರೆ ಹೆಚ್ಚು ಲಾಭ ಅನ್ನುವ ನಂಬಿಕೆಯನ್ನು 2008ರಲ್ಲಿ ನಾಲ್ವರು ಮನೋವಿಜ್ಞಾನಿಗಳು ಪರಿಶೀಲಿಸಿದರು. ಅವರಿಗೆ ಸಾಕಷ್ಟು ಪುರಾವೆ ಸಿಗಲಿಲ್ಲ. ಚಿತ್ರ ಇಷ್ಟಪಡುವ ಮಗು ಈ ಕೆಲಸಕ್ಕೆ ಖುಷಿಯಿಂದ ಕೂರುತ್ತದೆ, ಅದು ಒಳ್ಳೆಯದೇ. ಆದರೆ ನಕ್ಷೆ ಕೆಲಸ ಮಾಡುವುದು ಬಣ್ಣದಿಂದ ಅಲ್ಲ, ಗೆರೆಯ ಮೇಲಿನ ಮಾತನ್ನು ಹುಡುಕುವ ಶ್ರಮದಿಂದ. ಬೇರೆಯವರು ಮಾಡಿದ ಚೆಂದದ ನಕ್ಷೆಯ ಫೋಟೋ ತೆಗೆದಿಟ್ಟುಕೊಂಡರೆ ಆ ಶ್ರಮ ಸಿಗುವುದಿಲ್ಲ.

ಇನ್ನೊಂದು ಮಿತಿಯೂ ಇದೆ. 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಕಾರ್ಪಿಕೆ ಮತ್ತು ಬ್ಲಂಟ್ ಎಂಬ ಸಂಶೋಧಕರ ಒಂದು ಪ್ರಯೋಗ ಬಂತು. ಪಾಠ ಮುಂದಿಟ್ಟುಕೊಂಡು ಪರಿಕಲ್ಪನಾ ನಕ್ಷೆ ಬಿಡಿಸಿದವರಿಗಿಂತ, ಪಾಠ ಮುಚ್ಚಿ ನೆನಪಿನಿಂದ ಬರೆದವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದ್ದರು. ಸ್ಲೈಡ್ ಎದುರಿಗೇ ಇದ್ದರೆ ಕಣ್ಣು ಅಲ್ಲಿಂದ ಎತ್ತಿ ಇಲ್ಲಿ ಹಾಕುತ್ತದೆ, ನೆನಪಿಗೆ ಕೆಲಸ ಬೀಳುವುದಿಲ್ಲ. ಹಾಗಂತ ನಕ್ಷೆ ಬಿಡಬೇಕಾಗಿಲ್ಲ, ಎರಡು ಸಲ ಮಾಡಬೇಕು. ಮೊದಲನೆಯದು ಸ್ಲೈಡ್ ನೋಡಿಕೊಂಡು, ಅರ್ಥಕ್ಕಾಗಿ. ಎರಡನೆಯದು ಎರಡು ಮೂರು ದಿನ ಬಿಟ್ಟು, ಎಲ್ಲ ಮುಚ್ಚಿಟ್ಟು, ಖಾಲಿ ಹಾಳೆಯ ಮೇಲೆ.

ಅವಳು ಭಾನುವಾರ ಎರಡನೆಯದು ಮಾಡಿದಳು. 16ರಲ್ಲಿ 13 ಪೆಟ್ಟಿಗೆ ಬಂದವು. ಬಿಟ್ಟುಹೋದದ್ದರಲ್ಲಿ ಪ್ಲಾಸ್ಮಾ ಒಂದು, ಹಾಗಾಗಿ ಕಾರ್ಬನ್ ಡೈಆಕ್ಸೈಡ್ ಜೀವಕೋಶದಲ್ಲೇ ಸಿಕ್ಕಿಹಾಕಿಕೊಂಡಿತ್ತು, ಹೊರಗೆ ಬರಲು ಬಾಣವೇ ಇರಲಿಲ್ಲ. ಹಳೆಯ ನಕ್ಷೆ ಪಕ್ಕದಲ್ಲಿಟ್ಟು, ಬಿಟ್ಟಿದ್ದನ್ನು ಕೆಂಪು ಪೆನ್ನಲ್ಲಿ ಸೇರಿಸಿದಳು. ಆಮೇಲೆ ಪಕ್ಕಕ್ಕೆ ಸರಿಸಿಟ್ಟಿದ್ದ ಚೀಟಿಗಳಲ್ಲಿ 'ಮೂತ್ರಪಿಂಡ' ಎತ್ತಿಕೊಂಡು, "ಇದೂ ರಕ್ತಕ್ಕೇ ಸೇರುತ್ತೆ ಅಲ್ವಾ ಚಿಕ್ಕಮ್ಮ, ಗೆರೆ ಮೇಲೆ ಏನು ಬರೀಲಿ?" ಅಂತ ಕೇಳಿದಳು.