ಚಿಟ್ಟೆಯೋ ಪತಂಗವೋ? ಮೊದಲು ಮೀಸೆ ನೋಡಿ

ಒಂದು ರಾತ್ರಿ ಟ್ಯೂಬ್‌ಲೈಟ್ ಪಕ್ಕದ ಗೋಡೆ ಮೇಲೆ ಒಣಗಿದ ಎಲೆಯಂಥ ಕಂದು ಹುಳ ಕೂತಿತ್ತು. ರಾತ್ರಿ ಬಂದಿದೆ, ಬಣ್ಣವೂ ಮಂಕು. ಸುಮ್ನೆ ‘ಪತಂಗ’ ಅಂತ ಬರೆದುಕೊಂಡೆ. ತಪ್ಪಾಗಿತ್ತು. ಅದು ಕಾಮನ್ ಈವನಿಂಗ್ ಬ್ರೌನ್ ಎಂಬ ಚಿಟ್ಟೆ. ಇದರ ಮರಿಹುಳು ಭತ್ತದ ಗರಿಯನ್ನೂ ಹುಲ್ಲನ್ನೂ ತಿಂದು ಬೆಳೆಯುತ್ತದೆ. ರೆಕ್ಕೆ ಬಂದ ಮೇಲೆ ಹಗಲೆಲ್ಲ ತರಗೆಲೆಗಳ ನಡುವೆ ಅಡಗಿದ್ದು, ಮುಸ್ಸಂಜೆಗೆ ಹಾರಾಡುತ್ತದೆ. ದೀಪ ಕಂಡರೆ ಮನೆಯೊಳಗೂ ಬರುತ್ತದೆ.

ಹೊತ್ತು ನೋಡಿ ಹೆಸರಿಟ್ಟದ್ದೇ ನನ್ನ ತಪ್ಪು. ನೋಡಬೇಕಾದದ್ದು ತಲೆ ಮೇಲಿನ ಎರಡು ಮೀಸೆಗಳನ್ನು, ಅದರಲ್ಲೂ ಅವುಗಳ ತುದಿಯನ್ನು. ಚಿಟ್ಟೆಯ ಮೀಸೆ ಬೆಂಕಿಕಡ್ಡಿಯ ಹಾಗೆ: ಉದ್ದಕ್ಕೂ ಸಪೂರ, ತುದಿಯಲ್ಲಿ ದಪ್ಪ. ಪತಂಗದ್ದು ಹೆಚ್ಚಾಗಿ ದಾರದಂತೆ ತುದಿಗೆ ಹೋದಷ್ಟೂ ಸಣ್ಣಗಾಗುತ್ತದೆ, ಇಲ್ಲವೇ ಬಾಚಣಿಗೆಯಂತೆ ಎಳೆಎಳೆಯಾಗಿರುತ್ತದೆ. ಒಂದು ಎಚ್ಚರಿಕೆ: ಈವನಿಂಗ್ ಬ್ರೌನ್‌ನಂಥ ಚಿಟ್ಟೆಗಳಲ್ಲಿ ತುದಿಯ ದಪ್ಪ ತುಂಬ ಕಡಿಮೆ. ದೂರದಿಂದ ಅದು ದಾರದಂತೆಯೇ ಕಾಣುತ್ತದೆ.

ಬಾಚಣಿಗೆ ಮೀಸೆ ಯಾಕೆ ಬೇಕು? ವಾಸನೆ ಹಿಡಿಯಲು. ರಾಮನಗರದ ಮಾರುಕಟ್ಟೆಗೆ ಬರುವ ಗೂಡುಗಳನ್ನು ನೇಯುವ ರೇಷ್ಮೆಹುಳು ಕೂಡ ಒಂದು ಪತಂಗದ ಮರಿ. ಗೂಡಿನಿಂದ ಹೊರಬಂದ ಹೆಣ್ಣು ಕೂತಲ್ಲೇ ಒಂದು ವಾಸನೆ ಬಿಡುತ್ತದೆ. ಗಂಡು ಅದನ್ನು ಮೀಸೆಯಿಂದಲೇ ಗ್ರಹಿಸುತ್ತದೆ. ಎಳೆಗಳು ಜಾಸ್ತಿ ಇದ್ದಷ್ಟೂ ಗಾಳಿಯಲ್ಲಿರುವ ವಾಸನೆ ತಾಗುವ ಜಾಗ ಜಾಸ್ತಿ, ಅಲ್ವಾ? ಕತ್ತಲಲ್ಲಿ ಸಂಗಾತಿಯನ್ನು ಹುಡುಕುವವರಿಗೆ ಬಣ್ಣಕ್ಕಿಂತ ವಾಸನೆಯೇ ಹೆಚ್ಚು ಉಪಯೋಗ.

ಕೂರುವ ಭಂಗಿ ಎರಡನೇ ಸುಳಿವು. ಚಿಟ್ಟೆ ವಿಶ್ರಾಂತಿಗೆ ಕೂತಾಗ ಸಾಮಾನ್ಯವಾಗಿ ಕೈಮುಗಿದಂತೆ ಎರಡೂ ಬದಿಯ ರೆಕ್ಕೆಗಳನ್ನು ಬೆನ್ನ ಮೇಲೆ ಜೋಡಿಸುತ್ತದೆ. ಪತಂಗ ಅವನ್ನು ಹೆಂಚಿನ ಮಾಡಿನಂತೆ ಇಳಿಜಾರಾಗಿ ಇಡುತ್ತದೆ, ಇಲ್ಲವೇ ಅಗಲವಾಗಿ ಹರಡುತ್ತದೆ. ಆದರೆ ಬೆಳಗಿನ ಬಿಸಿಲು ಕಾಯಿಸುವಾಗ ಚಿಟ್ಟೆಯೂ ರೆಕ್ಕೆ ಹರಡುತ್ತದೆ. ಹಾಗಾಗಿ ಬೆಳಿಗ್ಗೆ ಎಂಟು ಗಂಟೆಗೆ ಕಂಡ ಭಂಗಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಉಲ್ಟಾ ಉದಾಹರಣೆಯೂ ಇದೆ. ಪಶ್ಚಿಮ ಘಟ್ಟದಲ್ಲಿ ಹಾಡಹಗಲೇ ಹಾರುವ ನೀಲಿ ಬಣ್ಣದ ಬ್ಲೂ ಟೈಗರ್ ಮಾತ್ ಎಂಬ ಪತಂಗ ಕಾಣಸಿಗುತ್ತದೆ. ‘ಬ್ಲೂ ಟೈಗರ್’ ಎಂಬ ಹೆಸರಿನ ಚಿಟ್ಟೆಯೂ ಅಲ್ಲೇ ಇದೆ! ಹೊತ್ತು, ಬಣ್ಣ, ಕೊನೆಗೆ ಹೆಸರು ಕೂಡ ಸಹಾಯಕ್ಕೆ ಬರುವುದಿಲ್ಲ. ಪತಂಗದ ಮೀಸೆಯ ತುದಿಯಲ್ಲಿ ಗುಂಡು ಇಲ್ಲ, ಕೂತಾಗ ರೆಕ್ಕೆಯೂ ಅಗಲವಾಗಿ ಹರಡಿರುತ್ತದೆ. ಬ್ಲೂ ಟೈಗರ್ ಚಿಟ್ಟೆಯ ಮೀಸೆಗೆ ಗುಂಡು ಇರುತ್ತದೆ.

ಮೊಬೈಲ್‌ನಲ್ಲಿ ಫೋಟೊ ತೆಗೆಯುವಾಗ ಮೇಲಿನಿಂದ ಒಂದು, ಪಕ್ಕದಿಂದ ಒಂದು ತೆಗೆಯಿರಿ. ಆಮೇಲೆ ತಲೆಯ ಭಾಗವನ್ನು ಹಿಗ್ಗಿಸಿ ನೋಡಿ. ನಿದ್ದೆಗಿಳಿದ ಎಷ್ಟೋ ಪತಂಗಗಳು ಮೀಸೆಯನ್ನು ರೆಕ್ಕೆಯಡಿ ಮಡಚಿಟ್ಟಿರುತ್ತವೆ. ಆಗ ಮುಟ್ಟದೆ ಕಾಯುವುದೇ ಒಳ್ಳೆಯದು. ಹಾರುವ ಮುಂಚೆ ಮೀಸೆ ಹೊರಗೆ ಬರುತ್ತದೆ.